ಸಡಿಲ ಎನಿಸಿದ ಚಪ್ಪಲಿಯೇ ಸರಿಯಾಗಿತ್ತು: ಅಪ್ಪನ ಕಾಲಿಗೆ ಪಾದರಕ್ಷೆ ಹುಡುಕಿದ ಅನುಭವ

ಅಪ್ಪನ ಬಲ ಅಂಗಾಲಿನಲ್ಲಿ, ಹೆಬ್ಬೆರಳಿನ ಬುಡದ ಉಬ್ಬಿನ ಕೆಳಗೆ, ಜಡ್ಡುಗಟ್ಟಿದ ಚರ್ಮ ಮೊದಲಿನಿಂದಲೂ ಇತ್ತು. ಶಿರಸಿಯ ಹತ್ತಿರದ ನಮ್ಮೂರಲ್ಲಿ ಅಡಿಕೆ ತೋಟದ ಕೆಲಸ ಮಾಡಿದ ಯಾರ ಕಾಲನ್ನು ನೋಡಿದರೂ ಇಂಥದ್ದೊಂದು ಸಿಗುತ್ತದೆ. ಹಾಗಾಗಿ ಅದನ್ನು ಯಾರೂ ರೋಗವೆಂದು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅಪ್ಪನಿಗೆ ಸಕ್ಕರೆ ಕಾಯಿಲೆ ಬಂದು ಹದಿನೈದು ವರ್ಷದ ಮೇಲಾಗಿದೆ. ಕಳೆದ ಬೇಸಿಗೆಯಲ್ಲಿ ನಾನು ಕಾರವಾರದಿಂದ ಊರಿಗೆ ಹೋದಾಗ, ಆ ಜಡ್ಡಿನ ನಡುವೆ ಕಪ್ಪು ಮಿಶ್ರಿತ ಕೆಂಪು ಚುಕ್ಕಿಯೊಂದನ್ನು ಆಯಿ ತೋರಿಸಿದಳು. ಒತ್ತಿದರೆ ಅಪ್ಪನಿಗೆ ನೋವಿಲ್ಲ. "ನೋವೇ ಇಲ್ಲದ ಮೇಲೆ ಅದೆಂಥ ರೋಗ, ಕೂಸೇ?" ಎಂದು ಎಲೆಯಡಿಕೆ ಹಾಕಿಕೊಂಡು ತೋಟಕ್ಕೆ ಹೊರಟೇಬಿಟ್ಟ.

ಮರುದಿನ ಶಿರಸಿಯ ವೈದ್ಯರೊಬ್ಬರಲ್ಲಿಗೆ ಕರೆದೊಯ್ದೆವು. ಅವರು ಸಣ್ಣ ಬ್ಲೇಡಿನಿಂದ ಜಡ್ಡನ್ನು ಪದರ ಪದರವಾಗಿ ಕೆರೆದು ತೆಗೆದರು. ಒಳಗೆ ಒಣಗಿದ ರಕ್ತದ ಕಲೆ ಇತ್ತು, ಅದರ ಕೆಳಗಿನ ಚರ್ಮ ಮಾತ್ರ ಇನ್ನೂ ಒಡೆದಿರಲಿಲ್ಲ. ಅಲ್ಲಿ ಅವರು ಹೇಳಿದ್ದು ನಮಗೆಲ್ಲ ಹೊಸದು. ಜಡ್ಡು ಕಾಲನ್ನು ಕಾಪಾಡುತ್ತದೆ ಎಂದೇ ನಾವು ತಿಳಿದಿದ್ದೆವು. ಸಂವೇದನೆ ಕಳೆದುಕೊಂಡ ಕಾಲಿನಲ್ಲಿ ಅದು ಚಪ್ಪಲಿಯೊಳಗೆ ಸಿಕ್ಕಿಕೊಂಡ ಕಲ್ಲಿನ ಹಾಗೆ, ಪ್ರತಿ ಹೆಜ್ಜೆಗೂ ಒಳಗಿನ ಮಾಂಸವನ್ನು ಒತ್ತುತ್ತದೆ. ಜಡ್ಡಿನೊಳಗೆ ರಕ್ತ ಕಂಡಿತೆಂದರೆ ಕೆಳಗಿನ ಮಾಂಸ ಹರಿದುಹೋಗಲು ಶುರುವಾಗಿದೆ ಎಂದರ್ಥ. ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ಅದು ಹುಣ್ಣಾಗಿ ಹೊರಬರುತ್ತಿತ್ತು.

ಮುಂದಿನ ಮಾತಿಗೆ ಹೋಗುವ ಮೊದಲು ಇದನ್ನು ಹೇಳಿಬಿಡುತ್ತೇನೆ. ಹುಣ್ಣು ಆಗಲೇ ಬಾಯಿ ತೆರೆದಿದ್ದರೆ ಈ ಬರಹದಲ್ಲಿರುವ ಯಾವ ಚಪ್ಪಲಿಯೂ ಚಿಕಿತ್ಸೆಯಲ್ಲ. ಆಗ ಆ ಜಾಗದ ಮೇಲಿನ ಭಾರವನ್ನೇ ತೆಗೆಯಬೇಕು. ಅದಕ್ಕೆ ಮೊಣಕಾಲಿನವರೆಗಿನ ಪ್ಲಾಸ್ಟರ್ ಅಥವಾ ವಿಶೇಷ ಬೂಟು ಬೇಕಾಗುತ್ತದೆ, ಅದು ಆಸ್ಪತ್ರೆಯ ಕೆಲಸ. ಇಲ್ಲಿ ನಾನು ಬರೆಯುತ್ತಿರುವುದು ಹುಣ್ಣಾಗದಂತೆ ತಡೆಯುವ ಚಪ್ಪಲಿಯ ಬಗ್ಗೆ.

ವೈದ್ಯರು ಅಪ್ಪನ ಕಣ್ಣು ಮುಚ್ಚಿಸಿ, ನೈಲಾನ್ ಎಳೆಯೊಂದನ್ನು ಅಂಗಾಲಿನ ಬೇರೆ ಬೇರೆ ಕಡೆ ಬಾಗುವಷ್ಟು ಒತ್ತಿದರು. ಹತ್ತು ಗ್ರಾಂ ಭಾರಕ್ಕೆ ಬಾಗುವ ಈ ಎಳೆಗೆ ಮೊನೊಫಿಲಮೆಂಟ್ ಎನ್ನುತ್ತಾರೆ. ತಾಗಿದಾಗ ಹೇಳಬೇಕು, ಅಷ್ಟೇ. ಎಳೆ ಬಾಗಿ ನಿಂತಿದ್ದರೂ ಅಪ್ಪ ಸುಮ್ಮನೆ ಕುಳಿತಿದ್ದ; ಆಮೇಲೆ "ಇನ್ನೂ ಶುರು ಮಾಡಿಲ್ಲವೇ ಡಾಕ್ಟರೇ?" ಎಂದು ಕೇಳಿದ. ಆಯಿ ಮುಖ ತಿರುಗಿಸಿಕೊಂಡಳು. ಬಳಿಕ ಹೆಬ್ಬೆರಳ ಮೇಲೆ ಶ್ರುತಿಕವೆ ಇಟ್ಟು ಕಂಪನ ತಿಳಿಯುತ್ತದೆಯೇ ಎಂದು ನೋಡಿದರು. ಪಾದದ ಮೇಲ್ಭಾಗದಲ್ಲಿ ಮತ್ತು ಕಣಕಾಲಿನ ಒಳಬದಿಯ ಗಂಟಿನ ಹಿಂದೆ ನಾಡಿ ಹಿಡಿದರು. ನಾಡಿ ಚೆನ್ನಾಗಿತ್ತು. ರಕ್ತ ಸಂಚಾರ ಸರಿಯಿದೆ, ಸಂವೇದನೆ ಹೋಗಿದೆ ಎಂಬುದು ತೀರ್ಮಾನ. ನಾಡಿ ಸಿಗದಿದ್ದರೆ ಮೊದಲು ರಕ್ತನಾಳದ ಪರೀಕ್ಷೆ, ಚಪ್ಪಲಿ ಆಮೇಲೆ ಎಂದರು.

ಇವನ್ನೆಲ್ಲ ಚೀಟಿಯಲ್ಲಿ ಬರೆಸಿಕೊಳ್ಳಿ: ಸಂವೇದನೆ ಎಲ್ಲೆಲ್ಲಿ ಇಲ್ಲ, ನಾಡಿ ಸಿಗುತ್ತದೆಯೇ, ಜಡ್ಡು ಯಾವ ಮೂಳೆಯ ಕೆಳಗಿದೆ, ಬೆರಳುಗಳು ಸೊಟ್ಟಗಿವೆಯೇ. ಮುಂದೆ ಹುಬ್ಬಳ್ಳಿಯಲ್ಲಿ ಚಪ್ಪಲಿ ಮಾಡುವವರು ಮೊದಲು ಕೇಳಿದ್ದೇ ಈ ಚೀಟಿಯನ್ನು. ಸಕ್ಕರೆಯ ವರದಿಗಳ ದಪ್ಪ ಕಡತವನ್ನು ಹೊತ್ತುಕೊಂಡು ಹೋಗಿದ್ದೆ, ಅದನ್ನು ಅವರು ತೆರೆದೂ ನೋಡಲಿಲ್ಲ.

ಹೊರಡುವಾಗ ವೈದ್ಯರು ನನ್ನನ್ನು ಕರೆದು ಹೇಳಿದರು: "ಚಪ್ಪಲಿ ಹಿತವಾಗಿದೆಯೇ ಎಂದು ಇವರನ್ನು ಕೇಳಬೇಡಿ. ಇವರ ಕಾಲು ಉತ್ತರ ಕೊಡುವುದಿಲ್ಲ." ಈ ಮಾತು ಎಷ್ಟು ನಿಜವೆಂದು ಗೊತ್ತಾಗಿದ್ದು ಅಂಗಡಿಯಲ್ಲಿ.

ಅದಕ್ಕೂ ಮೊದಲು ಮನೆಯಲ್ಲಿದ್ದ ಚಪ್ಪಲಿಗಳನ್ನೆಲ್ಲ ಜಗಲಿಯ ಮೇಲೆ ಸಾಲಾಗಿ ಇಟ್ಟು ನೋಡಿದೆವು. ತೋಟಕ್ಕೆ ಹಾಕುವ ಹವಾಯಿ ಚಪ್ಪಲಿಯ ಬಲಗಾಲಿನದು, ಸರಿಯಾಗಿ ಜಡ್ಡು ಇರುವ ಜಾಗದಲ್ಲೇ ತೆಳ್ಳಗೆ ಸವೆದಿತ್ತು. ಹಿಮ್ಮಡಿಯ ಕಡೆ ಇನ್ನೂ ದಪ್ಪಗಿದೆ. ಅಂದರೆ ಭಾರವೆಲ್ಲ ಎಲ್ಲಿ ಬೀಳುತ್ತಿತ್ತು ಎಂಬುದನ್ನು ಚಪ್ಪಲಿ ಎಂದೋ ಬರೆದಿಟ್ಟಿತ್ತು. ಅದನ್ನು ಮಡಚಿ ನೋಡಿದಾಗ ಅಟ್ಟೆಯೊಳಗೆ ಮುರಿದ ಮುಳ್ಳೊಂದು ಸಿಕ್ಕಿತು, ತುದಿ ಒಳಮೈಗೆ ತಾಗುವಷ್ಟು ಹತ್ತಿರದಲ್ಲಿತ್ತು. ಹವಾಯಿಯ ಇನ್ನೊಂದು ತೊಂದರೆ ಬೆರಳ ನಡುವಿನ ಬಾರು. ಹಿಂದೆ ಪಟ್ಟಿಯಿಲ್ಲದ ಕಾರಣ ಚಪ್ಪಲಿ ಜಾರದಂತೆ ಬೆರಳುಗಳಿಂದ ಕಚ್ಚಿ ಹಿಡಿಯಬೇಕು. ಬೆರಳ ಸಂದಿಯಲ್ಲಿ ಬಾರು ಉಜ್ಜಿ ಸುಲಿದರೂ ತಿಳಿಯುವುದಿಲ್ಲ, ಚಪ್ಪಲಿ ಕಾಲಿನಿಂದ ಕಳಚಿ ಹೋದರೂ ತಿಳಿಯುವುದಿಲ್ಲ. ಅಪ್ಪ ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದದ್ದನ್ನು ನಾವು ಮರೆವು ಎಂದು ನಕ್ಕು ಬಿಟ್ಟಿದ್ದುಂಟು.

ಭಾವ ಬೆಂಗಳೂರಿನಿಂದ ತಂದುಕೊಟ್ಟ ಅಕ್ಯುಪ್ರೆಶರ್ ಚಪ್ಪಲಿಯೂ ಸಾಲಿನಲ್ಲಿತ್ತು. ಸಕ್ಕರೆ ಇದ್ದವರಿಗೆ ಒಳ್ಳೆಯದು ಎಂಬ ಹೆಸರಿನಲ್ಲೇ ಇದನ್ನು ಮಾರುತ್ತಾರೆ. ಮೈತುಂಬ ಮೊಳೆಯಂಥ ಗುಬ್ಬಿಗಳು. ಒತ್ತಡವನ್ನು ಹರಡಬೇಕಾದ ಕಡೆ ಇದು ಚುಕ್ಕಿ ಚುಕ್ಕಿಯಾಗಿ ಒತ್ತಡವನ್ನು ಒಟ್ಟು ಮಾಡುತ್ತದೆ. ಸಂವೇದನೆ ಇಲ್ಲದ ಕಾಲಿಗೆ ಇದಕ್ಕಿಂತ ಕೆಟ್ಟ ಉಡುಗೊರೆ ಇಲ್ಲ. ಭಾವನಿಗೆ ಬೇಸರವಾಗದಂತೆ ಅದನ್ನು ಅಟ್ಟಕ್ಕೆ ಏರಿಸಿದ್ದೇವೆ.

ಅಳತೆಯನ್ನು ಸಂಜೆ ತೆಗೆಯಬೇಕು. ದಿನವಿಡೀ ನಡೆದ ಕಾಲು ಬೆಳಗಿನದ್ದಕ್ಕಿಂತ ಸ್ವಲ್ಪ ಊದಿಕೊಂಡಿರುತ್ತದೆ, ಚಪ್ಪಲಿ ಆ ಕಾಲಿಗೂ ಆಗಬೇಕು. ಅಪ್ಪನನ್ನು ದಪ್ಪ ಕಾಗದದ ಮೇಲೆ ನಿಲ್ಲಿಸಿ, ಎರಡೂ ಕಾಲಿನ ಮೇಲೆ ಸಮನಾಗಿ ಭಾರ ಹಾಕಿಸಿ, ಪೆನ್ಸಿಲನ್ನು ನೆಟ್ಟಗೆ ಹಿಡಿದು ಸುತ್ತ ಗೆರೆ ಎಳೆದೆ. ಕುಳಿತರೆ ಕಾಲು ಹರಡುವುದಿಲ್ಲ, ಅಳತೆ ಸುಳ್ಳಾಗುತ್ತದೆ. ಎಡಗಾಲು 25.4 ಸೆಂಟಿಮೀಟರ್, ಬಲಗಾಲು 25.9. ಮುಂಗಾಲಿನ ಅತಿ ಅಗಲದ ಜಾಗ 10.3. ಚಪ್ಪಲಿಯ ಒಳ ಉದ್ದ ಕಾಲಿಗಿಂತ ಒಂದರಿಂದ ಎರಡು ಸೆಂಟಿಮೀಟರ್ ಹೆಚ್ಚಿರಬೇಕು, ಒಳ ಅಗಲ ಮುಂಗಾಲಿನ ಅಗಲದಷ್ಟೇ ಇರಬೇಕು ಎಂದು ವೈದ್ಯರು ಹೇಳಿದ್ದರು. ಉದ್ದದ ಕಾಲನ್ನು ಲೆಕ್ಕಕ್ಕೆ ಹಿಡಿದರೆ ನಮಗೆ ಒಳಗೆ ಕನಿಷ್ಠ 26.9 ಬೇಕು. ಅಪ್ಪ ಮದುವೆ ಮುಂಜಿಗೆ ಹಾಕುವ ಏಳನೇ ನಂಬರಿನ ಬೂಟಿನೊಳಗೆ ಅಳೆದರೆ 26.3 ಇತ್ತು. ಗೆರೆಯ ಮೇಲೆ ಕಾಗದವನ್ನು ಕತ್ತರಿಸಿ ಎರಡು ಪಾದಗಳನ್ನು ಚೀಲದಲ್ಲಿ ಇಟ್ಟುಕೊಂಡೆ. ಇಡೀ ಓಡಾಟದಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬಂದದ್ದು ಈ ಕಾಗದ. ಬೂಟಿನೊಳಗೆ ಜಾರಿಸಿದಾಗ ಅಂಚು ಮಡಚಿಕೊಂಡರೆ ಆ ಜಾಗದಲ್ಲಿ ಬೂಟು ಕಾಲನ್ನು ಒತ್ತುತ್ತದೆ. ಅಂಥ ಬೂಟಿಗೆ ಕಾಲು ಹಾಕಿ ನೋಡುವ ಅಗತ್ಯವೇ ಇಲ್ಲ. ಪೆಟ್ಟಿಗೆಯ ಮೇಲಿನ ನಂಬರನ್ನು ನಂಬಿ ಕೊಳ್ಳಬೇಡಿ, ಒಂದೇ ನಂಬರು ಕಂಪನಿಯಿಂದ ಕಂಪನಿಗೆ ಬೇರೆಯಾಗುತ್ತದೆ.

ಅಪ್ಪನನ್ನು ಕೆಲವು ದಿನ ಕಾರವಾರದಲ್ಲೇ ಇರಿಸಿಕೊಂಡು ಅಂಗಡಿಗಳನ್ನು ಸುತ್ತಿದೆವು. ದೇವಿಮನೆ ಘಟ್ಟ ಇಳಿದು ಬರುವಷ್ಟರಲ್ಲೇ ಅವನಿಗೆ ತೋಟದ ಚಿಂತೆ. ಒಂದು ಅಂಗಡಿಯಲ್ಲಿ "ಡಯಾಬಿಟಿಕ್" ಎಂದು ಚೀಟಿ ಅಂಟಿಸಿದ ಚಪ್ಪಲಿ ಕೊಟ್ಟರು, ಬೆಲೆ 1,250 ರೂಪಾಯಿ. ಕೈಯಲ್ಲಿ ಹಿಡಿದರೆ ಹತ್ತಿಯಷ್ಟು ಮೃದು. ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದೆ, ಸ್ಪಂಜು ಪೂರ್ತಿ ಕುಸಿದು ಕೆಳಗಿನ ಗಟ್ಟಿ ತಳ ಬೆರಳಿಗೆ ತಾಗಿತು. ಬೆರಳಿಗೇ ಹೀಗಾದರೆ ಎಪ್ಪತ್ತು ಕಿಲೋ ಮೈಭಾರಕ್ಕೆ ಅದು ಕಾಗದದಷ್ಟೇ ತೆಳ್ಳಗಾಗುತ್ತದೆ. ಮೃದುವಾಗಿರುವುದು ಸಾಲದು, ಒತ್ತಿದಾಗ ಅರ್ಧದಲ್ಲಿ ತಡೆದು, ಬಿಟ್ಟೊಡನೆ ಮೇಲೆ ಬರಬೇಕು. ಎಂಸಿಆರ್ ಎಂಬ ರಬ್ಬರ್ ಹೀಗೆ ಮಾಡುತ್ತದೆ. ಮೈಕ್ರೋಸೆಲ್ಯುಲರ್ ರಬ್ಬರ್ ಎಂಬುದರ ಹ್ರಸ್ವರೂಪ ಅದು. ಒಳಗೆಲ್ಲ ಸಣ್ಣ ಸಣ್ಣ ಗಾಳಿಯ ಗುಳ್ಳೆಗಳು. ಆದರೆ ಎಂಸಿಆರ್ ಒಂದೇ ಇದ್ದರೂ ಪ್ರಯೋಜನವಿಲ್ಲ, ಮುಳ್ಳು ಅದನ್ನು ಸಲೀಸಾಗಿ ದಾಟುತ್ತದೆ. ಮೇಲೆ ಒಂದು ಸೆಂಟಿಮೀಟರಿನಷ್ಟು ಎಂಸಿಆರ್, ಕೆಳಗೆ ಗಟ್ಟಿ ರಬ್ಬರಿನ ಅಟ್ಟೆ, ಎರಡನ್ನೂ ಅಂಟಿಸಿರಬೇಕು ಅಥವಾ ಹೊಲಿದಿರಬೇಕು, ಮೊಳೆ ಹೊಡೆದಿರಬಾರದು. ಮೇಲಿನ ಪಟ್ಟಿಗಳು ಅಗಲವಾಗಿದ್ದು, ವೆಲ್ಕ್ರೋದಿಂದ ಹಿಗ್ಗಿಸುವಂತಿರಬೇಕು. ಹಿಮ್ಮಡಿಯ ಹಿಂದೆ ಪಟ್ಟಿ ಇರಬೇಕು. ಬೆರಳ ನಡುವೆ ಬಾರು ಇರಬಾರದು.

ಇನ್ನೊಂದು ಅಂಗಡಿಯಲ್ಲಿ ಇಷ್ಟೂ ಇದ್ದ ಸ್ಯಾಂಡಲ್ ಸಿಕ್ಕಿತು. ಕಾಗದದ ಪಾದ ಮಡಚದೆ ಕುಳಿತಿತು, ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಿತು. ಅಪ್ಪ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು "ಸಡಿಲ, ಬೇಡ" ಎಂದ. ಅಂಗಡಿಯ ಹುಡುಗ ಕೂಡಲೇ ಒಂದು ನಂಬರ್ ಕಡಿಮೆಯದನ್ನು ತಂದ. ಅದರಲ್ಲಿ ಕಿರುಬೆರಳು ಪಟ್ಟಿಯ ಅಂಚಿಗೆ ಒತ್ತಿ ಬಿಳಿಚಿಕೊಂಡಿತ್ತು. ಅಪ್ಪನ ಮುಖ ಅರಳಿತು: "ಇದು ನೋಡು, ಹಿಡಿದ ಹಾಗಿದೆ." ಸಂವೇದನೆ ಕಡಿಮೆಯಾದವರು ಬಿಗಿಯಾದ ಚಪ್ಪಲಿಯನ್ನೇ ಆರಿಸುವುದು ಇದೇ ಕಾರಣಕ್ಕೆ. ಸರಿಯಾದ ಅಳತೆಯ ಚಪ್ಪಲಿ ಅವರಿಗೆ ಇಲ್ಲದಂತೆಯೇ ತೋರುತ್ತದೆ, ಒತ್ತಿದರಷ್ಟೇ ಕಾಲಲ್ಲಿ ಏನೋ ಇದೆ ಎಂದು ಗೊತ್ತಾಗುತ್ತದೆ. ಹುಡುಗನಿಗೆ ಹೇಳಿದೆ, ನಕ್ಕ. "ಹಾಕಿಕೊಳ್ಳುವವರು ಅವರಲ್ಲವೇ ಅಕ್ಕಾ?" ಅಂಗಡಿಯ ಮಟ್ಟಿಗೆ ಅದು ನ್ಯಾಯವಾದ ಪ್ರಶ್ನೆಯೇ. ಅಪ್ಪನೊಡನೆ ವಾದಕ್ಕಿಳಿದು ಪ್ರಯೋಜನವಿಲ್ಲವೆಂದು, ಬಿಳಿಚಿದ ಕಿರುಬೆರಳನ್ನು ಮೊಬೈಲಿನಲ್ಲಿ ಹಿಡಿದು ಅವನಿಗೇ ತೋರಿಸಿದೆ. ಅವನ ಅಂಗಾಲನ್ನೂ ಹಾಗೆಯೇ ತೋರಿಸಿದೆ. ತನ್ನ ಅಂಗಾಲನ್ನು ಅವನು ನೋಡಿಕೊಂಡು ಎಷ್ಟು ವರ್ಷವಾಗಿತ್ತೋ, ಬಹಳ ಹೊತ್ತು ಮೊಬೈಲ್ ಹಿಡಿದುಕೊಂಡೇ ಇದ್ದ. ದೊಡ್ಡ ನಂಬರಿನದನ್ನೇ ಕೊಂಡೆವು. 1,480 ರೂಪಾಯಿ.

ಆ ಸ್ಯಾಂಡಲ್ ಮನೆಯೊಳಗಿನ ಬಳಕೆಗೆ ಸಾಕಾಯಿತು. ಆದರೆ ಜಡ್ಡಿನಲ್ಲಿ ಆಗಲೇ ರಕ್ತ ಕಂಡಿದ್ದರಿಂದ, ಹೊರಗೆ ಓಡಾಡಲು ಕಾಲಿನ ಅಚ್ಚಿಗೆ ಹೊಂದುವ ಒಳಹಾಸು ಬೇಕೆಂದು ವೈದ್ಯರು ಹೇಳಿ, ಹುಬ್ಬಳ್ಳಿಯ ಪಾದರಕ್ಷೆ ತಯಾರಕರೊಬ್ಬರಿಗೆ ಚೀಟಿ ಕೊಟ್ಟರು. ಅಲ್ಲಿ ಕಾಯುವುದೇ ದೊಡ್ಡ ಕೆಲಸ. ಬೆಳಿಗ್ಗೆ ಶಿರಸಿಯಿಂದ ಮೊದಲ ಬಸ್ಸಿಗೆ ಹೋದರೂ ನಮ್ಮ ಸರದಿ ಬಂದಾಗ ಊಟದ ಹೊತ್ತು ದಾಟಿತ್ತು. ಇನ್ಸುಲಿನ್ ತೆಗೆದುಕೊಳ್ಳುವವರು ಬುತ್ತಿ ಕಟ್ಟಿಕೊಂಡೇ ಹೋಗಿ.

ಮಸಿ ಹಚ್ಚಿದ ರಬ್ಬರ್ ಹಾಳೆಯ ಮೇಲೆ ಅಪ್ಪನನ್ನು ನಡೆಸಿದರು. ಕೆಳಗಿನ ಕಾಗದದಲ್ಲಿ ಪಾದದ ಗುರುತು ಮೂಡಿತು. ಒತ್ತಡ ಹೆಚ್ಚಿದ್ದಲ್ಲಿ ಮಸಿ ದಟ್ಟ. ಬಲಗಾಲಿನ ಹೆಬ್ಬೆರಳ ಬುಡ ಕಪ್ಪು ಮುದ್ದೆಯಾಗಿತ್ತು, ಪಾದದ ಕಮಾನಿನ ಜಾಗ ಖಾಲಿ. ಆಮೇಲೆ ಅಲ್ಲಿನ ಕುಶಲಕರ್ಮಿ ಅಪ್ಪನ ಹೆಬ್ಬೆರಳನ್ನು ಮೇಲಕ್ಕೆ ಎತ್ತಿ ನೋಡಿದರು, ಅದು ಬಾಗಲಿಲ್ಲ. ಹೆಜ್ಜೆ ಎತ್ತುವಾಗ ಹೆಬ್ಬೆರಳು ಬಾಗದಿದ್ದರೆ ಇಡೀ ಮೈಭಾರ ಅದರ ಬುಡದ ಮೇಲೆ ತಿರುಗುತ್ತದೆ, ಜಡ್ಡಿನ ಮೂಲ ಇದೇ ಎಂದರು. ಇಷ್ಟು ವರ್ಷ ತೋಟದ ಕೆಲಸವನ್ನು ದೂರುತ್ತಿದ್ದ ಆಯಿಗೆ ಇದು ಒಪ್ಪಿಗೆಯಾಗಲಿಲ್ಲ, ಅದು ಬೇರೆ ಮಾತು.

ಪರಿಹಾರ ಎರಡು ಭಾಗದ್ದು. ಒಂದು, ಅಟ್ಟೆಯ ಮುಂಭಾಗವನ್ನು ತುಸು ಮೇಲಕ್ಕೆ ಬಾಗಿಸಿ, ಗಟ್ಟಿಯಾಗಿಯೇ ಇಡುವುದು. ಆಗ ಬೆರಳು ಬಾಗದೆ ಚಪ್ಪಲಿಯೇ ಉರುಳಿ ಹೆಜ್ಜೆ ಮುಂದಕ್ಕೆ ಹೋಗುತ್ತದೆ. ಎರಡು, ಒಳಹಾಸಿನಲ್ಲಿ ಕಮಾನಿನ ಜಾಗವನ್ನು ತುಂಬಿಸಿ ಭಾರವನ್ನು ಅಲ್ಲಿಗೂ ಹಂಚಿ, ಹೆಬ್ಬೆರಳ ಬುಡದಲ್ಲಿ ನಿಧಾನವಾಗಿ ಇಳಿಯುವ ತಗ್ಗು ಮಾಡುವುದು. ಆ ಜಾಗದಲ್ಲಿ ತೂತು ಕತ್ತರಿಸಿಬಿಟ್ಟರೆ ಸುಲಭವಲ್ಲವೇ ಎಂದು ಕೇಳಿದೆ. ತೂತಿನ ಅಂಚು ಸುತ್ತಲಿನ ಚರ್ಮವನ್ನು ಒತ್ತಿ, ಉಂಗುರದಂತೆ ಹೊಸ ಗಾಯ ಮಾಡುತ್ತದೆಯಂತೆ. ಮನೆಯಲ್ಲಿ ಸ್ಪಂಜು ಕತ್ತರಿಸಿ ಇಡುವವರು ಇದನ್ನು ಗಮನಿಸಬೇಕು. ಎರಡೂ ಕಾಲಿಗೆ ಸೇರಿ 3,600 ರೂಪಾಯಿ ಆಯಿತು. ಮುಂದೆ ಒಳಹಾಸನ್ನು ಮಾತ್ರ ಬದಲಿಸಿದರೆ 1,200. ನಮ್ಮ ಆರೋಗ್ಯ ವಿಮೆಯಲ್ಲಿ ಇದಕ್ಕೆ ಹಣ ಸಿಗಲಿಲ್ಲ.

ಎದುರು ನೋಡದ ಅಡ್ಡಿ ಬಂದದ್ದು ಅಪ್ಪನಿಂದಲೇ. ಮಾದರಿಗೆಂದು ಇಟ್ಟಿದ್ದ ಅಗಲ ಪಟ್ಟಿಯ ಕಪ್ಪು ಚಪ್ಪಲಿಯನ್ನು ನೋಡಿ "ಇದು ಕುಷ್ಠದವರ ಚಪ್ಪಲಿ, ಇದನ್ನು ಹಾಕಿ ಪೇಟೆಗೆ ಹೋಗುವುದಿಲ್ಲ" ಎಂದು ಎದ್ದು ನಿಂತ. ಅವನ ಗುರುತು ತಪ್ಪಲ್ಲ. ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಮತ್ತು ಅವರ ಜೊತೆಗಾರರು ಕುಷ್ಠರೋಗಿಗಳಿಗಾಗಿ 1950ರ ದಶಕದಲ್ಲಿ ಇಂಥ ರಬ್ಬರಿನ ಪಾದರಕ್ಷೆಗಳನ್ನು ಮಾಡಿಸಿದ್ದರು. ಕಾಲು ಕೊಳೆಯುವುದು ರೋಗದಿಂದಲೇ ಅಲ್ಲ, ನೋವು ತಿಳಿಯದೆ ಆಗುವ ಗಾಯದಿಂದ ಎಂದು ತೋರಿಸಿದವರೂ ಅವರೇ. ಸಕ್ಕರೆಯವರ ಕಾಲಿಗೂ ಅದೇ ವಿದ್ಯೆ. ಆದರೆ ಈ ಇತಿಹಾಸ ಹೇಳಿ ಅಪ್ಪನನ್ನು ಕೂರಿಸಲಾಗಲಿಲ್ಲ. ಕುಶಲಕರ್ಮಿಯೇ ದಾರಿ ತೋರಿದರು: ಪಟ್ಟಿಗೆ ಕಂದು ಬಣ್ಣದ ಚರ್ಮ, ವೆಲ್ಕ್ರೋದ ಮೇಲೆ ಬಕಲ್ಲಿನ ಅಲಂಕಾರ. ನೋಡಿದರೆ ಪೇಟೆಯ ಮಾಮೂಲು ಸ್ಯಾಂಡಲ್. ನಿಮ್ಮವರೂ ಹಟ ಹಿಡಿದರೆ ಬಣ್ಣ ಮತ್ತು ವಿನ್ಯಾಸದಲ್ಲಿ ಸೋತುಬಿಡಿ, ಅಳತೆಯಲ್ಲಿ ಮಾತ್ರ ಸೋಲಬೇಡಿ. ಕಪಾಟಿನಲ್ಲಿರುವ ಚಪ್ಪಲಿಯಿಂದ ಯಾರ ಕಾಲೂ ಉಳಿಯುವುದಿಲ್ಲ.

ಹೇಳಿದ ದಿನಕ್ಕೆ ಚಪ್ಪಲಿ ಸಿಗಲಿಲ್ಲ. ಸಿಕ್ಕಾಗ ಆಯಿ ಒಳಗೆ ಕೈಹಾಕಿ ತಡವಿದಳು. ಹಿಂಪಟ್ಟಿಯ ಹೊಲಿಗೆ ಒಳಮೈಗೆ ದಾರದ ಗಂಟಾಗಿ ಚುಚ್ಚುತ್ತಿತ್ತು, ಅಲ್ಲೇ ಕುಳಿತು ಸರಿಮಾಡಿಸಿಕೊಂಡೆವು. ಈಗ ಅದು ಮನೆಯ ರೂಢಿಯಾಗಿದೆ: ಪ್ರತಿ ಸಲ ಹಾಕುವ ಮೊದಲು ಚಪ್ಪಲಿಯನ್ನು ಕೊಡವಿ ಒಳಗೆ ಕೈಯಾಡಿಸುವುದು. ಅಡಿಕೆ ಚೂರು, ಮಕ್ಕಳ ಗೋಲಿ, ಒಮ್ಮೆ ಆಯಿಯ ಪಿನ್ನು, ಎಲ್ಲವೂ ಸಿಕ್ಕಿವೆ.

ಹೊಸ ಚಪ್ಪಲಿಯನ್ನು ಮೊದಲ ದಿನವೇ ಪೂರ್ತಿ ಹಾಕಬಾರದು. ಒಂದು ಗಂಟೆ ಹಾಕಿ, ತೆಗೆದು, ಬೆಳಕಿನಲ್ಲಿ ಕಾಲು ನೋಡಬೇಕು. ಪಟ್ಟಿಯ ಗುರುತು ಮೂಡುವುದು ಸಹಜ, ಬೇಗ ಮಾಸುತ್ತದೆ. ಅರ್ಧ ಗಂಟೆಯಾದರೂ ಕೆಂಪು ಮಾಸದಿದ್ದರೆ ಅಲ್ಲಿ ಒತ್ತಡ ಹೆಚ್ಚಿದೆ. ಅಪ್ಪನ ಎಡಗಾಲಿನ ಕಿರುಬೆರಳ ಪಕ್ಕ ಹೀಗೇ ಆಯಿತು. ಮತ್ತೆ ಹುಬ್ಬಳ್ಳಿಗೆ ಹೋಗಿ ಪಟ್ಟಿಯ ಅಂಚು ಕತ್ತರಿಸಿ ಮೃದುವಾದ ಚರ್ಮ ಕೂರಿಸಿಕೊಂಡು ಬಂದೆವು. ಬಾಗಿದ ಅಟ್ಟೆಗೆ ಹೊಂದಿಕೊಳ್ಳುವಾಗ ಮುಂದಕ್ಕೆ ಬೀಳುವಂತಾಗುತ್ತದೆ. ಅಪ್ಪ ಮೊದಮೊದಲು ಕೋಲು ಹಿಡಿದು ನಡೆದ.

ಮಳೆಗಾಲ ಬೇರೆಯೇ ಅಧ್ಯಾಯ. ಚರ್ಮದ ಪಟ್ಟಿ ನೆನೆದು ಒಣಗದೆ ಬೂಷ್ಟು ಹಿಡಿಯುತ್ತದೆ, ತೋಟದಲ್ಲಿ ಉಂಬಳ. ಉಂಬಳ ಕಚ್ಚಿದ್ದು ಯಾರಿಗೂ ಸುಲಭವಾಗಿ ತಿಳಿಯದು, ಅಪ್ಪನಿಗಂತೂ ರಕ್ತ ಕಂಡರಷ್ಟೇ ತಿಳಿಯುತ್ತದೆ. ತೋಟಕ್ಕೆ ಹೋಗದಿರು ಎಂದರೆ ಕೇಳುವವನಲ್ಲ. ವೈದ್ಯರನ್ನು ಕೇಳಿ ಮಾಡಿಕೊಂಡ ಏರ್ಪಾಡು ಹೀಗಿದೆ: ಒಳಗೆ ಎಂಸಿಆರ್ ಹಾಸು ಹಿಡಿಸುವಷ್ಟು ದೊಡ್ಡ ಗಂಬೂಟು, ತಿಳಿಬಣ್ಣದ ಹತ್ತಿಯ ಕಾಲುಚೀಲ, ಬೆಳಗಿನ ಒಂದೆರಡು ತಾಸು ಮಾತ್ರ. ಬಂದೊಡನೆ ಕಾಲು ತೊಳೆದು ಬೆರಳ ಸಂದಿ ಒರೆಸುವುದು. ಕಾಲುಚೀಲ ತಿಳಿಬಣ್ಣದ್ದೇ ಆಗಬೇಕು, ರಕ್ತವೋ ಕೀವೋ ಅಂಟಿದ್ದರೆ ಅದರಲ್ಲಿ ಕಾಣುತ್ತದೆ. ಗಂಬೂಟು ಒಳ್ಳೆಯ ಪಾದರಕ್ಷೆ ಎಂದು ನಾನು ಹೇಳುವುದಿಲ್ಲ, ಅದರೊಳಗೆ ಕಾಲು ಬೆವರಿ ಚರ್ಮ ಮೆತ್ತಗಾಗುತ್ತದೆ. ಬರಿಗಾಲಿಗಿಂತ ವಾಸಿ, ಅಷ್ಟೇ. ದೇವಸ್ಥಾನದಲ್ಲಿ ದಪ್ಪ ಕಾಲುಚೀಲ ಹಾಕಿಕೊಳ್ಳುತ್ತಾನೆ, ಮಧ್ಯಾಹ್ನದ ಬಿಸಿಲಿನಲ್ಲಿ ಕಾದ ಕಲ್ಲಿನ ಮೇಲೆ ಮಾತ್ರ ಅದೂ ಸಾಲದು, ಬೆಳಿಗ್ಗೆಯೇ ಹೋಗಿ ಬರುತ್ತಾನೆ.

ಜಡ್ಡು ಈಗಲೂ ಬರುತ್ತದೆ, ತೆಳ್ಳಗೆ, ರಕ್ತವಿಲ್ಲದೆ. ಆಗಾಗ ವೈದ್ಯರೇ ಕೆರೆಯುತ್ತಾರೆ. ಮನೆಯಲ್ಲಿ ಬ್ಲೇಡು ಹಿಡಿಯಬೇಡಿ, ಆಣಿಗೆ ಅಂಟಿಸುವ ಔಷಧಿಪಟ್ಟಿಯನ್ನೂ ಹಚ್ಚಬೇಡಿ. ಅದರಲ್ಲಿರುವ ಆಮ್ಲ ಒಳ್ಳೆಯ ಚರ್ಮವನ್ನೂ ಸುಡುತ್ತದೆ. ಎಂಸಿಆರ್ ಕೂಡ ಸವೆಯುತ್ತದೆ. ಹೊಸದರಲ್ಲಿ ಹನ್ನೆರಡು ಮಿಲಿಮೀಟರ್ ಇದ್ದ ಹಾಸು ಆರೇಳು ತಿಂಗಳಲ್ಲಿ ಬಲಗಾಲಿನ ಆ ಜಾಗದಲ್ಲಿ ಒಂಬತ್ತಕ್ಕೆ ಇಳಿದು, ಒತ್ತಿದರೆ ಮೇಲೆ ಬರುವುದನ್ನು ಬಿಟ್ಟಿತ್ತು. ಮೇಲ್ನೋಟಕ್ಕೆ ಚಪ್ಪಲಿ ಹೊಸದರಂತೆಯೇ ಇತ್ತು. ಹಾಸು ಬದಲಿಸಲು ಹಳೆಯ ಕಾಗದದ ಪಾದವನ್ನೇ ಒಯ್ದಿದ್ದೆ, ಅವರು ಒಪ್ಪದೆ ಹೊಸದಾಗಿ ಅಳತೆ ತೆಗೆದರು. ಮುಂಗಾಲು ಮೂರು ಮಿಲಿಮೀಟರ್ ಅಗಲವಾಗಿತ್ತು. ಇದು ನಿಧಾನಕ್ಕೆ ಆದ ಬದಲಾವಣೆ, ಹೆದರಬೇಕಾಗಿಲ್ಲ ಎಂದರು. ಆದರೆ ಗಾಯವೇ ಇಲ್ಲದೆ ಒಂದೇ ಕಾಲು ಒಮ್ಮೆಲೇ ಊದಿ, ಕೆಂಪಾಗಿ, ಇನ್ನೊಂದಕ್ಕಿಂತ ಬಿಸಿಯಾದರೆ ದೊಡ್ಡ ನಂಬರಿನ ಚಪ್ಪಲಿ ಹುಡುಕುತ್ತ ಕೂರಬಾರದಂತೆ. ಒಳಗೆ ಮೂಳೆಗಳೇ ಕುಸಿಯುತ್ತಿರಬಹುದು, ನೋವಿಲ್ಲದಿದ್ದರೂ ಆ ಕಾಲನ್ನು ನೆಲಕ್ಕೆ ಊರದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು ಎಂದು ಅಪ್ಪನಿಗೂ ಆಯಿಗೂ ಬೇರೆ ಬೇರೆಯಾಗಿ ಹೇಳಿ ಕಳಿಸಿದರು.